ಎರಡು ಕೆಲಸದ ದಿನ

ನಾನು ಹುಟ್ಟಾ ಅಂಜುಬುರುಕಿ. ಹಗ್ಗ ಕಂಡರೂ ಹಾವು ಎನ್ನುವವಳು. ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋದವಳು ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ತಿರುಗಿ ಬಂದದ್ದುಂಟು. ಇಂಥವಳ ಹೆಸರನ್ನು ನಮ್ಮ ಆಫೀಸಿನ ಸಾಹೇಬರು ತಮ್ಮ ಜಾಗದಲ್ಲಿ ಹಾಕಿ ಹೋದರಲ್ಲ, ಅಂಜಿದವನ ಮೇಲೆ ಕಪ್ಪೆ ಹಾಕಿದ ಹಾಗಾಯಿತು.

ಆಗ ನಾನು ಕುಷ್ಟಗಿಯಲ್ಲಿ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿದ್ದೆ. ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ನೋಡುವುದು ನನ್ನ ಕೆಲಸ. ಮೊಳಕೆ ಕಡಿಮೆ ಬಂದ ಲಾಟನ್ನು, ಅಂದರೆ ಆ ಒಂದು ಕಂತಿನ ಬೀಜವನ್ನೆಲ್ಲ, ಏನು ಮಾಡಬೇಕೆಂದು ಹೇಳುವುದು ಸಾಹೇಬರ ಕೆಲಸ. ಔಷಧ ಹಚ್ಚದ ಕಾಳಾದರೆ ಕೋಳಿ ಆಹಾರಕ್ಕೆ ಮಾರಬಹುದು. ಗುಲಾಬಿ ಬಣ್ಣದ ಆ ಔಷಧ ಹಚ್ಚಿದ್ದಾದರೆ ಅದು ವಿಷ, ಒಂದು ಕಾಳೂ ಹೊರಗೆ ಹೋಗಕೂಡದು, ನಾಶವೇ ಆಗಬೇಕು. ಗೋದಾಮಿನಲ್ಲಿ ಹೊಲಿದ ದೊಡ್ಡ ಚೀಲಗಳ ಮೇಲೆ ಬರೀ ಲಾಟ್ ನಂಬರು ಇರುತ್ತಿತ್ತು. ಔಷಧ ಹಚ್ಚಿದ ವಿಷಯ ಕಂಪ್ಯೂಟರಿನಲ್ಲಿರುತ್ತಿತ್ತು. ಹಾಗಾಗಿ ಸಾಹೇಬರು ಹ್ಞೂಂ ಅನ್ನದೆ ಚೀಲ ಅಲುಗುವಂತಿರಲಿಲ್ಲ.

ಸಾಹೇಬರು ಹೃದಯದ ಆಪರೇಷನ್ ಎಂದು ಹುಬ್ಬಳ್ಳಿಗೆ ಹೊರಟರು. ಎರಡು ತಿಂಗಳ ರಜೆ. ಹೊರಡುವ ದಿನ ನನ್ನನ್ನು ಕರೆದು, ಈಮೇಲಿನಲ್ಲಿ ತಾನಾಗಿಯೇ ಹೋಗುವ ಉತ್ತರವೊಂದನ್ನು ಟೈಪು ಮಾಡಿ ತೋರಿಸಿದರು. ತಾವು ಇಂಥ ತಾರೀಖಿನವರೆಗೆ ರಜೆಯಲ್ಲಿದ್ದೇವೆ, ಅಲ್ಲಿಯವರೆಗೆ ಇವರನ್ನು ಸಂಪರ್ಕಿಸಿ, ಎರಡು ಕೆಲಸದ ದಿನಗಳಲ್ಲಿ ಉತ್ತರ ಕೊಡುತ್ತಾರೆ ಎಂದು ಇಂಗ್ಲಿಷಿನಲ್ಲಿತ್ತು. ಇವರು ಅಂದರೆ ನಾನು. ನನಗಿಂತ ಹಿರಿಯರು ನಾಲ್ಕು ಜನ ಇದ್ದಾರಲ್ಲ ಸಾರ್ ಎಂದೆ. ಅವರು ನಕ್ಕು ಬ್ಯಾಗಿನ ಜಿಪ್ಪು ಎಳೆದರು.

ಮೊದಲ ವಾರ ನಾನು ಮೇಲ್ ಪೆಟ್ಟಿಗೆಯ ಮುಂದೆಯೇ ಕೂತಿದ್ದೆ. ಬಂದದ್ದಕ್ಕೆಲ್ಲ ಅವತ್ತೇ ಉತ್ತರ ಬರೆದೆ. ಆಮೇಲೆ ಮೇಲುಗಳು ಕಡಿಮೆಯಾದವು. ಬೇರೆ ಯಾರಾದರೂ ಆಗಿದ್ದರೆ ನೆಮ್ಮದಿ ಪಡುತ್ತಿದ್ದರೇನೋ, ನನಗೆ ಅದೇ ದಿಗಿಲಾಯಿತು. ಕೆಲಸ ನಿಂತಿಲ್ಲ, ಕೇಳುವವರು ಮಾತ್ರ ಯಾಕೆ ನಿಂತರು? ಸಾಹೇಬರಿಗೆ ಬರುವ ಮೇಲು ನನಗೆ ತಾನಾಗಿ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಕಳಿಸಿದವರೇ ನನ್ನ ವಿಳಾಸಕ್ಕೆ ಮತ್ತೊಮ್ಮೆ ಕಳಿಸಬೇಕು. ಅದು ಅವರಿಗೆ ಗೊತ್ತಿದೆಯೋ ಇಲ್ಲವೋ ಎಂಬ ಹುಳ ಒಂದು ಮಧ್ಯಾಹ್ನ ತಲೆಯೊಳಗೆ ಹೊಕ್ಕಿತು. ಊಟ ಬಿಟ್ಟು ಒಬ್ಬೊಬ್ಬರಿಗೇ ಫೋನು ಹಚ್ಚತೊಡಗಿದೆ.

ಕನಕಗಿರಿ ಗೋದಾಮು ನೋಡಿಕೊಳ್ಳುವ ಅಣ್ಣ ಖುಷಿಯಿಂದಲೇ ಮಾತಾಡಿದ. ಮೊಳಕೆ ಬಾರದ ಮೆಕ್ಕೆಜೋಳದ ಲಾಟಿಗೆ ಗಿರಾಕಿ ಬಂದಿದ್ದ, ಕೊಡಲೇನು ಎಂದು ಸಾಹೇಬರಿಗೆ ಮೇಲು ಹಾಕಿದ್ದನಂತೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರ ಬಂತಂತೆ. ಮಲಗಿದ ಹಾಸಿಗೆಯಿಂದಲೇ ಸಾಹೇಬರು ತನ್ನ ಮೇಲು ಓದಿ, ಲ್ಯಾಬಿನ ಅಕ್ಕಾರಿಗೆ ಒಪ್ಪಿಸಿದ್ದಾರೆ ಎಂದು ಅವನು ತಿಳಿದುಕೊಂಡಿದ್ದ.

"ಎರಡು ದಿನ ಅಂತ ಬರದಿದ್ರಲ್ರಿ. ಎರಡರ ಮ್ಯಾಲೆ ಇನ್ನೊಂದಿನ ಕಾದೆ. ನೀವು ಬ್ಯಾಡ ಅನ್ಲಿಲ್ಲ, ಹಂಗಾರ ಆತು ಅಂತ ಮುಂಜಾನೆ ಲಾರಿ ಕಳಿಸೀನ್ರಿ ಅಕ್ಕಾರ."

ಮೌನಂ ಸಮ್ಮತಿ ಲಕ್ಷಣಂ. ನಮ್ಮ ಕಡೆ ಹೆಣ್ಣು ನೋಡುವಲ್ಲಿಂದ ಹೊಲದ ಬದುವಿನವರೆಗೆ ಎಲ್ಲವೂ ಹೀಗೆಯೇ ನಡೆಯುತ್ತದೆ. ಅವನನ್ನು ಬೈಯುವ ಹಾಗೂ ಇರಲಿಲ್ಲ.

ಲಾಟ್ ನಂಬರು ಕೇಳಿ ಕಂಪ್ಯೂಟರಿನಲ್ಲಿ ಹುಡುಕಿದೆ. ಔಷಧ ಹಚ್ಚಿದ್ದು ಎಂದು ತೋರಿಸಿತು. ಇನ್ನೊಮ್ಮೆ ನಂಬರು ಹೊಡೆದು ನೋಡಿದೆ, ಅದೇ ಬಂತು.

ಲಾರಿ ಹೋದದ್ದು ಶ್ರೀರಾಮನಗರದ ಹತ್ತಿರದ ಒಂದು ಕೋಳಿ ಆಹಾರದ ಮಿಲ್ಲಿಗೆ. ಡ್ರೈವರನ ಫೋನು ಹತ್ತಲಿಲ್ಲ. ಮಿಲ್ಲಿನವರು ಎತ್ತಿದರು. ಚೀಲ ಮುಟ್ಟಬೇಡಿ, ಅದರಲ್ಲಿ ವಿಷ ಇದೆ ಎಂದು ಕೂಗಿಯೇ ಹೇಳಿದೆ. ಇಳಿಸಿಯಾಗಿದೆ, ಇನ್ನೂ ಬೀಸಿಲ್ಲ, ನೀವು ಬನ್ನಿ ಎಂದರು. ಕಂಪನಿಯ ಜೀಪಿನಲ್ಲಿ ಹೊರಟೆ. ಗಂಗಾವತಿ ದಾಟಿ ಕಾಲುವೆಯ ಪಕ್ಕ ಹಸಿರು ಭತ್ತದ ಗದ್ದೆಗಳು ಶುರುವಾದವು. ಎಲ್ಲ ಎಷ್ಟು ಸುಮ್ಮನಿತ್ತೆಂದರೆ ನನಗೆ ಅಳು ಬಂತು.

ಮಿಲ್ಲಿನ ಅಂಗಳದಲ್ಲಿ ಚೀಲಗಳು ಒಟ್ಟಿದ್ದವು. ಒಂದೂ ಬಿಚ್ಚಿಲ್ಲ ಎಂದು ಅಲ್ಲಿಯ ಮ್ಯಾನೇಜರ್ ಹೇಳಿದಾಗ ಉಸಿರು ಬಿಟ್ಟೆ. ಆದರೆ ನೆಲದ ಮೇಲೆ ಎರಡು ಗುಲಾಬಿ ಕಾಳು ಬಿದ್ದಿದ್ದವು. ಇಳಿಸುವಾಗ ಒಂದು ಚೀಲ ಹರಿದಿತ್ತಂತೆ. ಚೆಲ್ಲಿದ್ದೆಲ್ಲಿ ಎಂದೆ. ನಿಮ್ಮ ಫೋನು ಬರುವ ಮೊದಲೇ ಕಸ ಹೊಡೆಯುವ ಹೆಂಗಸು ಬಳಿದುಕೊಂಡು ಮನೆಗೆ ಹೋದಳು, ಚೆಲ್ಲಿದ ಕಾಳು ಯಾವಾಗಲೂ ಅವಳದೇ ಎಂದರು. ನಮ್ಮ ಕಡೆಯ ಎಲ್ಲ ಮಿಲ್ಲುಗಳಲ್ಲೂ ಅದೇ ಪದ್ಧತಿ. ಕೋಳಿಯ ಬಗ್ಗೆಯೇ ಹೆದರುತ್ತ ಬಂದ ನನಗೆ ಈ ಒಂದು ಮಾತು ಹೊಳೆದೇ ಇರಲಿಲ್ಲ.

ಅವಳ ಮನೆ ಕಾಲುವೆಯ ಆಚೆಗಿತ್ತು. ಜೀಪು ಹೋಗುವುದಿಲ್ಲ ಎಂದರು. ನಾನು ಓಡಿದೆ. ಮೂರು ಬಾಗಿಲು ತಟ್ಟಿದ ಮೇಲೆ ಅವಳು ಸಿಕ್ಕಳು, ನನ್ನ ಅವ್ವನ ವಯಸ್ಸಿನವಳು. ಒಲೆ ಉರಿಯುತ್ತಿತ್ತು. ಪಕ್ಕದಲ್ಲಿ ಅಲ್ಯುಮಿನಿಯಂ ಬೋಗುಣಿಯಲ್ಲಿ ಕಾಳು ನೆನೆದಿತ್ತು. ನೀರು ಗುಲಾಬಿಯಾಗಿತ್ತು.

"ಬಣ್ಣ ಐತ್ರಿ, ಎರಡು ಸಲ ತೊಳದೀನಿ," ಎಂದಳು. "ಇನ್ನೊಂದು ಸಲ ತೊಳದ್ರ ಹೋಗ್ತೈತಿ. ಕುದಿಸಿ ಹುಡುಗ್ರಿಗೆ ಕೊಡ್ತೀನಿ."

ಹುಡುಗರು ತಿಂದರೇ ಎಂದು ಕೇಳಿದೆ. ಇಲ್ಲ, ಸಾಲಿಯಿಂದ ಇನ್ನೂ ಬಂದಿಲ್ಲ ಎಂದಳು. ನಾನು ಆ ಬೋಗುಣಿಯನ್ನು ಎದೆಗೆ ಅವಚಿಕೊಂಡು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಸೀರೆಯೆಲ್ಲ ಒದ್ದೆಯಾಯಿತು. ಅವಳು ನನಗೇ ಏನೋ ಆಯಿತೆಂದು ಹೆದರಿ ನೀರು ತಂದಳು. ವಿಷಯ ತಿಳಿಸಿ, ಸೋಪು ಹಚ್ಚಿ ಕೈ ತೊಳೆಯಲು ಹೇಳಿ, ಬೋಗುಣಿಯ ಸಮೇತ ಕಾಳು ನೀರು ಎರಡನ್ನೂ ತಂದೆ. ಮರುದಿನ ಹೊಸ ಬೋಗುಣಿಯ ಜೊತೆ ಮೆಕ್ಕೆಜೋಳವನ್ನೂ ಕೊಟ್ಟುಬಂದೆ. ಚೀಲಗಳು ಹಿಂದಿನ ಸಂಜೆಯೇ ಗೋದಾಮಿಗೆ ಮರಳಿದ್ದವು.

ಎಲ್ಲ ಮುಗಿದ ಮೇಲೆ ಸಾಹೇಬರ ಮನೆಯವರು ಫೋನು ಮಾಡಿ ಅವರ ಕೈಗೆ ಕೊಟ್ಟರು. ದನಿ ಕ್ಷೀಣವಾಗಿತ್ತು. ನನಗೆ ಸಿಟ್ಟು ತಡೆಯಲಾಗಲಿಲ್ಲ. ನನ್ನ ಹೆಸರೇ ಯಾಕೆ ಹಾಕಿದಿರಿ ಸಾರ್ ಎಂದು ಕೇಳಿಯೇಬಿಟ್ಟೆ.

"ಉಳಿದೋರು ಯಾರೂ ಅಂಜೂದಿಲ್ಲವ್ವಾ," ಎಂದರು.

ಅದನ್ನು ಹೊಗಳಿಕೆ ಎಂದು ತಿಳಿಯಲು ನನಗೆ ಇವತ್ತಿಗೂ ಆಗಿಲ್ಲ. ಹುಡುಗರ ಸಾಲಿ ಆ ದಿನ ಬೇಗ ಬಿಟ್ಟಿದ್ದರೆ ನನ್ನ ಅಂಜಿಕೆಯನ್ನು ಕಟ್ಟಿಕೊಂಡು ಏನು ಮಾಡಬೇಕಿತ್ತು?

ಅವರ ರಜೆ ಬೆಳೆಯಿತು. ಹೆಡ್ಡಾಫೀಸಿನ ಕಂಪ್ಯೂಟರಿನವರಿಗೆ ಹೇಳಿ ಆ ಉತ್ತರವನ್ನು ಬದಲಿಸಿದೆವು. ಹೊಸ ತಾರೀಖಿನ ಕೆಳಗೆ ನಾನೇ ಕನ್ನಡದಲ್ಲಿ ಬರೆದೆ. ಇದು ಯಂತ್ರ ಕಳಿಸಿದ ಉತ್ತರ. ನಿಮ್ಮ ಪತ್ರವನ್ನು ಯಾರೂ ಓದಿಲ್ಲ. ಕೆಳಗಿನ ವಿಳಾಸಕ್ಕೆ ಮತ್ತೆ ಕಳಿಸಿ, ತುರ್ತಾದರೆ ಫೋನು ಮಾಡಿ. ಎರಡು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯಬೇಡಿ, ಉತ್ತರ ಬರುವವರೆಗೆ ಒಂದು ಚೀಲವನ್ನೂ ಕಳಿಸಬೇಡಿ.

ಸರಿಯಾಗಿ ಹೋಗುತ್ತದೋ ನೋಡಲು ಸಾಹೇಬರಿಗೆ ನಾನೇ ಒಂದು ಮೇಲು ಹಾಕಿದೆ. ಉತ್ತರ ಕೂಡಲೇ ಬಂತು. ಏನಾದರೂ ಇದ್ದರೆ ಇವರನ್ನು ಕೇಳಿ ಎಂದು ನನ್ನದೇ ಹೆಸರು, ನನ್ನದೇ ನಂಬರು. ಕೊನೆಯವರೆಗೆ ಎರಡು ಸಲ ಓದಿದೆ. ಇವರಿಗೆ ಗೊತ್ತಾಗದಿದ್ದರೆ ಯಾರನ್ನು ಕೇಳಬೇಕು ಎಂಬುದು ಅದರಲ್ಲಿ ಇರಲಿಲ್ಲ.