ಜ್ವರ ಬಿಟ್ಟ ಮೇಲಿನ ಖೋ-ಖೋ

ಹರಪನಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕಿ. ಕೊಟ್ಟೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ವರ್ಷ ಒಂಬತ್ತನೇ ತರಗತಿಯ ಹುಡುಗಿಯರಿಗೆ ತಾಲ್ಲೂಕಿನ ಖೋ-ಖೋ ಪಂದ್ಯಕ್ಕೆ ಬೇಕಾದ ಮೈ ತಯಾರಿ ಮಾಡಿಸುತ್ತಿದ್ದೆ. ಅವರಲ್ಲಿ ಎಲ್ಲರಿಗಿಂತ ಚುರುಕಾಗಿ ಬೆನ್ನಟ್ಟುವವಳು ತೆಲಿಗಿ ಕಡೆಯ ಒಬ್ಬಳು. ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ಮಳೆಗಾಲದ ನಡುವೆ ಅವಳಿಗೆ ಟೈಫಾಯ್ಡ್ ಬಂತು. ಒಂದು ತಿಂಗಳಿಗೂ ಹೆಚ್ಚು ಶಾಲೆಗೆ ಬರಲಿಲ್ಲ.

ಬಂದ ದಿನವೇ ಮೈದಾನಕ್ಕಿಳಿದಳು. ನಾನು ಬೇಡವೆನ್ನುವುದರೊಳಗೆ ಓಡಿಯೂ ಬಿಟ್ಟಳು. ಅರ್ಧ ಸುತ್ತಿಗೆ ಏದುಸಿರು ಬಂದು ಬೇವಿನ ಮರದ ಕೆಳಗೆ ಕುಸಿದು ಕೂತಳು.

"ನನ್ ಕಾಲು ನನ್ ಮಾತು ಕೇಳವಲ್ವು ಟೀಚರ್. ಜ್ವರ ಎಲ್ಲಾ ತಗೊಂಡು ಹೋಗೈತಿ," ಎಂದು ಅತ್ತಳು.

ಮರುದಿನ ಅಜ್ಜಿ ಬಂದರು. "ಡಾಕ್ಟರು ಆಡಬಹುದು ಅಂದಾರ್ರಿ, ಆದ್ರ ನಂಗ ಜೀವ ತಡೀವಲ್ದು. ಇನ್ನ ಆಟ ಸಾಕು ಮಾಡ್ರಿ."

ಎಲ್ಲಾ ಹೋಯಿತೆಂಬ ಹುಡುಗಿಯ ಭಯ ನನಗೆ ಗೊತ್ತಿತ್ತು. ಹೆರಿಗೆಯಾದ ಮೇಲೆ ನಮ್ಮದೇ ಮನೆಯ ಮೆಟ್ಟಿಲು ಹತ್ತುವಾಗ ನಾನು ನಡುವೆ ನಿಂತು ಉಸಿರು ತೆಗೆದುಕೊಂಡಿದ್ದೆ; ಕಾಲೇಜಿನ ಓಟಗಾರ್ತಿ ನಾನೇನಾ ಎಂದು ಕಣ್ಣು ತುಂಬಿಬಂದಿತ್ತು. ಅಭ್ಯಾಸದಿಂದ ಮೈಗೆ ಬಂದದ್ದು ಅಭ್ಯಾಸ ನಿಂತರೆ ಇಳಿಯುತ್ತದೆ ಎಂದು ತರಬೇತಿಯಲ್ಲಿ ಓದಿದ್ದೆ. ಆದರೆ ಅದನ್ನು ನನ್ನ ಕಾಲುಗಳಲ್ಲೇ ಅರಿತದ್ದು ಆಗ.

"ಅಮ್ಮಾ, ಶಕ್ತಿ ಕಳೆದು ಹೋಗಿಲ್ರಿ. ಆಡೋದು ನಿಂತಿತ್ತು, ಜ್ವರದಾಗ ಮೈ ಸೊರಗಿತ್ತು, ಅದಕ್ಕ ಕಡಿಮೆ ಆಗೈತಿ. ಮೆಲ್ಲಗ ಮಾಡಿದ್ರ ತಿರುಗಿ ಬರ್ತೈತಿ. ಮುಂಚಿನ ಜಾಗದಿಂದ ಅಲ್ಲ, ಈಗ ಎಲ್ಲಿ ಅದಾಳೋ ಅಲ್ಲಿಂದ ಸುರು ಮಾಡ್ತೀನಿ," ಎಂದೆ. ಅಜ್ಜಿ ಮೊಮ್ಮಗಳ ತಲೆ ಸವರಿದರು. ಬೇಡ ಅನ್ನಲಿಲ್ಲ, ಅಷ್ಟೇ ಸಾಕಿತ್ತು.

ವಾರಕ್ಕೆ ಎಷ್ಟು ಸಲ, ಎಷ್ಟು ಜೋರು, ಎಷ್ಟು ಹೊತ್ತು, ಯಾವ ಬಗೆಯ ವ್ಯಾಯಾಮ: ಈ ನಾಲ್ಕನ್ನೂ ಅವಳಿಗಾಗಿ ಬೇರೆಯಾಗಿ ಯೋಚಿಸಿದೆ. ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ, ಕಾಲು ಗಂಟೆ ಬಿರುಸು ನಡಿಗೆ. ಜೊತೆಗೆ ಅವಳ ಗೆಳತಿಯನ್ನು ಕಳಿಸಿದೆ.

"ಮಾತಾಡ್ಕೊಂತ ನಡೀರಿ. ಮಾತಾಡಾಕ ಬರಬೇಕು, ಹಾಡಾಕ ಬರಬಾರ್ದು, ಅಷ್ಟು ಬಿರುಸು ಇರ್ಲಿ. ಮಾತು ತುಂಡಾದ್ರ ನಿಧಾನ ಮಾಡ್ರಿ."

ಶಾಲೆಯಲ್ಲಿ ಮಾತಾಡಿದ್ದಕ್ಕೆ ಬೈಸಿಕೊಂಡೇ ಬೆಳೆದವರಿಗೆ ಇದಕ್ಕಿಂತ ಖುಷಿಯ ಪಾಠ ಬೇರೆಯಿಲ್ಲ. ಇಬ್ಬರೂ ಮೈದಾನದ ಸುತ್ತ ಹರಟುತ್ತಾ ನಡೆದರು. ಮೊದಮೊದಲು ಅವಳ ಮಾತು ನಡುನಡುವೆ ನಿಲ್ಲುತ್ತಿತ್ತು. ಒಂದು ದಿನ ಸಿನಿಮಾವೊಂದರ ಕತೆಯನ್ನು ಎಲ್ಲಿಯೂ ನಿಲ್ಲದೆ ಹೇಳಿ ಮುಗಿಸಿದಳು. ಮುಂದಿನ ವಾರ ನಡೆಯುವ ಹೊತ್ತನ್ನು ತುಸು ಹೆಚ್ಚಿಸಿದೆ. ಅದು ಒಗ್ಗಿದ ಮೇಲೆ ನಡುವೆ ಚಿಕ್ಕ ಚಿಕ್ಕ ಓಟ ಸೇರಿಸಿದೆ. ಒಗ್ಗಿದ್ದಕ್ಕಿಂತ ಸ್ವಲ್ಪ ಹೆಚ್ಚು ಕೇಳಿದರೆ ಮಾತ್ರ ಮೈ ಬೆಳೆಯುತ್ತದೆ. ಒಮ್ಮೆಲೇ ಎಲ್ಲವನ್ನೂ ಹೆಚ್ಚಿಸಿದರೆ ನೋವು.

ಅವಳಿಗೆ ಆ ತಾಳ್ಮೆ ಎಲ್ಲಿಯದು? ಒಂದು ಸೋಮವಾರ ಕುಂಟುತ್ತಾ ಬಂದಳು.

"ಮನ್ಯಾಗೂ ದಿನಾ ಓಡಿದ್ಯೇನು?"

"ಬೇಗ ಬರ್ಲಿ ಅಂತ ಟೀಚರ್..."

ಮೊಣಕಾಲ ಕೆಳಗೆ ಮುಂಭಾಗದ ಎಲುಬಿನುದ್ದಕ್ಕೂ ನೋವು. ಬೈಯಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಬಿಡುವಿನ ದಿನವೇ ಮೈ ಗಟ್ಟಿಯಾಗುವುದು ಎಂದು ತಿಳಿಸಿದೆ. ನೋವು ಪೂರ್ತಿ ಹೋಗುವವರೆಗೆ ಓಟ ನಿಲ್ಲಿಸಿ, ಆಮೇಲೆ ಕಡಿಮೆಯಿಂದ ಶುರು ಮಾಡಿಸಿದೆ.

ಮೈದಾನವನ್ನು ಸಲೀಸಾಗಿ ಸುತ್ತುವಂತಾದಳು. ಆದರೆ ಖೋ-ಖೋಗೆ ಇಳಿದರೆ ಯಾರೂ ಕೈಗೆ ಸಿಗಲೊಲ್ಲರು. ಮುಖ ಮತ್ತೆ ಸಣ್ಣದಾಯಿತು. "ಸುತ್ತು ಹಾಕೋದನ್ನ ಕಲ್ತಿ, ಸುತ್ತು ಹಾಕಾಕ ಬಂತು. ಖೋ-ಖೋದಾಗ ಕುಂತಲ್ಲಿಂದ ಪಟ್ಟನೆ ಏಳಬೇಕು, ಕಂಬ ಬಳಸಿ ತಿರುಗಬೇಕು. ಜ್ವರ ಬಿಟ್ಟ ಮ್ಯಾಲ ಅದನ್ನ ಇನ್ನೂ ಮಾಡಿಸಿಲ್ಲ ಮಗಾ," ಎಂದೆ. ಅಂದಿನಿಂದ ವ್ಯಾಯಾಮದ ಬಗೆ ಬದಲಿಸಿದೆ. ಕುಕ್ಕರಗಾಲಿನಿಂದ ಎದ್ದು ಚಿಕ್ಕ ಓಟ, ಕಂಬದ ತಿರುವು, ನಡುವೆ ಸಾಕಷ್ಟು ವಿಶ್ರಾಂತಿ.

ದಸರಾ ರಜೆಗೆ ಮುಂಚಿನ ಕೊನೆಯ ಆಟದ ಪಿರಿಯಡ್ಡಿನಲ್ಲಿ, ಕಂಬ ಬಳಸಿ ತಿರುಗಿ ಅದೇ ಗೆಳತಿಯ ಬೆನ್ನು ಮುಟ್ಟಿದಳು. ಔಟಾದ ಗೆಳತಿಯೇ ಅವಳನ್ನು ಎತ್ತಿ ಕುಣಿದಳು. ತಾಲ್ಲೂಕಿನ ಪಂದ್ಯ ಅಷ್ಟರಲ್ಲಿ ಮುಗಿದುಹೋಗಿತ್ತು. ಆ ಬೇಸರ ಅವಳಿಗಿದ್ದೇ ಇತ್ತು, ನನಗೂ.

ಹೊರಡುವಾಗ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ರಜಾದಾಗ ಮತ್ತ ಹೋಗಿಬಿಡ್ತೈತೇನ್ರಿ ಟೀಚರ್?"

"ಪೂರಾ ಬಿಟ್ರ ಇಳೀತೈತಿ. ವಾರದಾಗ ಎರಡು ಸಲ ಮಾಡು, ಉಳಿಸ್ಕೊಳ್ಳಾಕ ಅಷ್ಟು ಸಾಕು."

ರಜೆ ಮುಗಿದು ಶಾಲೆ ತೆರೆದ ದಿನ ಅಜ್ಜಿ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು. "ಒಬ್ಬಾಕಿನ ಕಳಿಸಾಕ ಅಂಜಿಕಿ ಬಂತ್ರಿ. ನಾನೂ ಜೋಡಿ ಹೋದೆ. ಮಾತಾಡ್ಕೊಂತ ನಡಿ ಅಜ್ಜಿ ಅಂತಾಳ. ಎಷ್ಟು ವರ್ಷ ಆಗಿತ್ತು, ಈ ಹುಡುಗಿ ಕೂಡ ಅಷ್ಟು ಮಾತಾಡಿ!"

ಮುಂದಿನ ವಾರದಿಂದ ಮಧುಮೇಹವಿರುವ ಪಕ್ಕದ ಮನೆಯಾಕೆಯನ್ನೂ ಕರೆದುಕೊಂಡು ಹೋಗಬಹುದೇ, ಅವರಿಗೆ ಎಷ್ಟು ಹೊತ್ತು ಸಾಕು ಎಂದು ಕೇಳಿದರು. ಮೊದಲು ಡಾಕ್ಟರನ್ನು ಕೇಳಲಿ, ಆಮೇಲೆ ತೀರಾ ಸ್ವಲ್ಪದಿಂದ ಶುರು ಮಾಡಲಿ ಎಂದು ಹೇಳಿ ಮೈದಾನಕ್ಕೆ ನಡೆದೆ.