ದೇವಿಂದ್ರ ಬರೆಯದೆ ಬಿಟ್ಟ ಭಾಷೆ

ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ ಸೇಡಂನ ದೇವಿಂದ್ರ, ಹೈದರಾಬಾದಿನ ಹೋಟೆಲ್ ಸಮೂಹವೊಂದಕ್ಕೆ ಕೆಲಸ ಕೇಳಿ ಇಮೇಲ್ ಕಳಿಸಿದ್ದ. ಫ್ರಂಟ್ ಆಫೀಸಿನಲ್ಲಿ ಮಾಡಿದ ಇಂಟರ್ನ್‌ಶಿಪ್ ಬರೆದು ಭಾಷೆಗಳಿಗೆ ಬಂದಾಗ, ಅವ್ವನ ಜೊತೆ ಆಡುವ ತೆಲುಗು ತೀರಾ ಸಂತೆಯ ಮಾತೆನಿಸಿತು. ಅದನ್ನು ಬಿಟ್ಟು, ಮೆನು ಕಾರ್ಡ್ ಓದುವಷ್ಟೇ ಗೊತ್ತಿದ್ದ ಫ್ರೆಂಚನ್ನು ಗತ್ತಿನಿಂದ ಸೇರಿಸಿದ.

ಕಲಬುರಗಿ ಕಡೆಯವರೇ ಆದ ಎಚ್‌ಆರ್ ಮೇಡಂ ಫೋನ್ ಮಾಡಿದರು. "ಇಂಟರ್ನ್‌ಶಿಪ್ ಛಲೋ ಅದರಿ. ಆದ್ರ ನಮ್ಮ ರಿಸೆಪ್ಷನ್‌ದಾಗ ತೆಲುಗು ಬೇಕು. ನಿಮಗ ಬರಲ್ಲಲ್ಲ?"

ಅಷ್ಟರಲ್ಲಿ ಬಾಗಿಲಲ್ಲಿ ಅವ್ವ ಸೊಪ್ಪಿನವಳೊಡನೆ ತೆಲುಗಿನಲ್ಲಿ ಗಟ್ಟಿಯಾಗಿ ಚೌಕಾಸಿಗೆ ನಿಂತಳು.

"ಅದ್ಯಾರ್ರೀ ಮಾತಾಡಾಕತ್ತಾರ?" ಫೋನಿನಲ್ಲಿ ಮೇಡಂ ಕೇಳಿದರು.

"ನಮ್ಮವ್ವ ರೀ. ನನಗೂ ತೆಲುಗು ಬರ್ತದ್ರಿ. ಬರೀಲಿಕ್ಕ ನಾಚಿಕಿ ಬಂತು."

"ನಾಚ್ಕೊಳ್ಳೋರು ರಿಸೆಪ್ಷನ್‌ದಾಗ ಹ್ಯಾಂಗ ನಿಂದರ್ತೀರಿ? ಮೇಲ್ ತಿದ್ದಿ ಕಳಿಸ್ರಿ, ನೋಡಮ್."

ಸೊಪ್ಪು ಹಿಡಿದು ಬಂದ ಅವ್ವ, "ಯಾರ ಫೋನೋ?" ಎಂದು ತೆಲುಗಿನಲ್ಲೇ ಕೇಳಿದಳು. ಅವಳ ಮುಖ ನೋಡಲಾಗದೆ ದೇವಿಂದ್ರ ಫ್ರೆಂಚ್ ಅಳಿಸುತ್ತ ಕುಳಿತ.