ಚುಕ್ಕೆಗೆರೆಯ ಚೌಕಕ್ಕೆ ಎಳೆದು ಬಿಟ್ಟ ಫೋಲ್ಡರು

ಮಿಷಿನ್ ಮೇಷ್ಟ್ರು ತೀರಿಕೊಂಡ ಮೇಲೆ ಅವರ ಹೆಂಡತಿ ಅತ್ತದ್ದನ್ನು ಯಾರೂ ನೋಡಲಿಲ್ಲ. ಬಂದವರೆಲ್ಲ ಅವಳ ಕೈ ಹಿಡಿದುಕೊಂಡು ಕೂತು, ಇನ್ನೇನು ಅಳುತ್ತಾಳೆ ಎಂದು ಕಾದು, ಕಡೆಗೆ ತಾವೇ ಅತ್ತು ಎದ್ದು ಹೋದರು. ಅವಳೂ ಕಾದಳು. ಬಹಳ ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿದಂತೆ ಮೈಯೆಲ್ಲ ಜೋಮು ಹಿಡಿದಿತ್ತು. ಮುಟ್ಟಿದರೆ ಗೊತ್ತಾಗುತ್ತಿತ್ತು, ನೋವು ಮಾತ್ರ ಇರಲಿಲ್ಲ.

ಬೀದಿಗೆ ಬಾಗಿಲಿದ್ದ ಒಂದೇ ಕೋಣೆಯ ಅಂಗಡಿ ಅವರದು, ಹಿಂದುಗಡೆ ಮನೆ. ಎಡಗಡೆ ಅವಳ ಹೊಲಿಗೆ: ಪ್ಯಾಂಟಿನ ಅಂಚು, ಪರದೆ, ಶಾಲೆಯ ಸಮವಸ್ತ್ರ. ಬಲಗಡೆ ಅವನ ರಿಪೇರಿ. ಹೊಲಿಗೆ ಮಿಷಿನ್ನು ಯಾವ ಕಾಲದ್ದಾದರೂ ಸರಿ, ಮಗುವಿನ ಹೊಟ್ಟೆ ಮುಟ್ಟಿ ನೋಡುವ ಡಾಕ್ಟರರ ಹಾಗೆ ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದ. ಅವರ ಮದುವೆಯೂ ಹಾಗೇ ಆದದ್ದು. ಅವಳ ಮಿಷಿನ್ನು ದಾರ ನುಂಗುತ್ತಿತ್ತು, ಅದನ್ನು ನೋಡಲು ಅವನು ಬಂದ. ಸರಿಯಾದ ಮೇಲೂ ವಾರಕ್ಕೊಮ್ಮೆ ಬಂದು, "ಈಗ ಹೇಗಿದೆ?" ಎಂದು ಕೇಳುತ್ತಿದ್ದ. ಮಿಷಿನ್ನನ್ನು ಕೇಳುತ್ತಿದ್ದಾನೋ ತನ್ನನ್ನೋ ಎಂದು ಅವಳಿಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು.

ನಡುವಯಸ್ಸಿನಲ್ಲಿ ಅವನಿಗೊಂದು ಹುಚ್ಚು ಹಿಡಿಯಿತು. ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗಿ ವೆಬ್ ಪುಟ ಬರೆಯುವುದನ್ನು ಕಲಿತ. ಬಣ್ಣ ಬೆಡಗು ಏನೂ ಇಲ್ಲದ ಪುಟಗಳು. ಒಂದೊಂದು ಬಗೆಯ ಮಿಷಿನ್ನಿಗೆ ಒಂದೊಂದು ಪುಟ, ಹೇಗೆ ಬಿಚ್ಚಬೇಕು, ಎಲ್ಲಿ ಎಣ್ಣೆ ಬಿಡಬೇಕು, ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸು ಸವೆದರೆ ಹೇಗೆ ತಿಳಿಯುತ್ತದೆ. ಪಕ್ಕದಲ್ಲಿ ಫೋಟೋಗಳು. ಅದನ್ನು ಇಂಟರ್ನೆಟ್ಟಿಗೆ ಹಾಕಿದ. ಯಾವ ಯಾವುದೋ ಊರಿನ ಮೆಕ್ಯಾನಿಕ್ಕುಗಳು ನೋಡಿದರು, ಕೆಳಗೆ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರು. 'ಮಿಷಿನ್ ಮೇಷ್ಟ್ರು' ಎಂಬ ಹೆಸರು ಅವರೇ ಇಟ್ಟದ್ದು.

ಒಂದು ಮಧ್ಯಾಹ್ನ, ಯಾರದೋ ಮನೆಯಲ್ಲಿ ಮಿಷಿನ್ನಿನ ಮುಂದೆ ಕೂತವನು ಹಾಗೇ ಅದರ ಮೇಲೆ ತಲೆಯಿಟ್ಟ. ಸುಸ್ತಾಗಿರಬೇಕೆಂದು ಮನೆಯವರು ನೀರು ತಂದರು. ಅಷ್ಟೇ.

ಕೆಲವು ತಿಂಗಳ ಮೇಲೆ ಅವನ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಪುಟಗಳನ್ನು ಇಟ್ಟಿದ್ದ ಕಂಪನಿ ಬಾಗಿಲು ಹಾಕಿತ್ತು. ಮುಂಚೆಯೇ ತಿಳಿಸಿದ್ದ ಮೇಲ್‌ಗಳು ಅವನ ಇನ್‌ಬಾಕ್ಸಿನಲ್ಲಿ ತೆರೆಯದೆ ಬಿದ್ದಿದ್ದವು.

"ಮೇಷ್ಟ್ರೇ, ನಿಮ್ಮ ಪುಟ ತೆರೀತಾ ಇಲ್ಲ."

"ಅವರಿಲ್ಲ," ಎನ್ನುತ್ತಿದ್ದಳು ಅವಳು.

"ಹೌದಾ. ಬಂದ ಮೇಲೆ ಹೇಳ್ತೀರಾ?"

"ಹೇಳ್ತೀನಿ."

ಸುಳ್ಳು ಹೇಳಬೇಕೆಂದಲ್ಲ. ಇನ್ನೂ ಒಂದು ಮಾತು ಸೇರಿಸಬೇಕಿತ್ತು, ಅದು ಬಾಯಿಗೆ ಬರುತ್ತಿರಲಿಲ್ಲ. ಹಾಗಾಗಿ ಎಷ್ಟೋ ಊರುಗಳಲ್ಲಿ ಮೇಷ್ಟ್ರು ಇನ್ನೂ ಎಲ್ಲಿಗೋ ಹೋಗಿದ್ದರು, ಬರುವುದರಲ್ಲಿದ್ದರು.

ಒಬ್ಬಳು ಮಾತ್ರ ಬಿಡಲಿಲ್ಲ. ಹೊಲಿಗೆ ತರಬೇತಿ ಕೇಂದ್ರವೊಂದರಲ್ಲಿ ರಿಪೇರಿ ಕಲಿಸುವವಳು. ಎರಡನೇ ಸಲ ಫೋನ್ ಮಾಡಿ, "ಅಕ್ಕ, ಯಾವಾಗ ಬರ್ತಾರೆ?" ಎಂದಳು.

"ಬರೋದಿಲ್ಲ."

"ನನಗೆ ಗೊತ್ತಾಗಲಿಲ್ಲ, ಅಕ್ಕ," ಎಂದಿತು ಆ ಕಡೆಯ ದನಿ, ಸಣ್ಣಗೆ.

"ನಾನೂ ಸರಿಯಾಗಿ ಹೇಳಿರಲಿಲ್ಲ."

ಮರುದಿನ ಆ ಹುಡುಗಿ ಮತ್ತೆ ಫೋನ್ ಮಾಡಿದಳು. ಮೇಷ್ಟ್ರ ಕಂಪ್ಯೂಟರಿನಲ್ಲಿ ಆ ಪುಟಗಳ ಫೋಲ್ಡರು ಇದ್ದೇ ಇರುತ್ತದೆ, ಅದನ್ನು ಬಿಟ್ಟಿಯಾಗಿ ಇಟ್ಟುಕೊಳ್ಳುವ ಜಾಗಗಳಿವೆ, ತನ್ನ ಪಾಠಗಳನ್ನೂ ಹಾಗೇ ಹಾಕಿದ್ದೇನೆ ಎಂದಳು. "ಏನೂ ಬರೆಯೋ ಹಾಗಿಲ್ಲ. ಫೋಲ್ಡರ್ ಎಳೆದು ಬಿಟ್ಟರೆ ಸಾಕು. ನಾನು ಫೋನಲ್ಲೇ ಹೇಳ್ತೀನಿ."

ಅವಳಿಗೆ ಬೇಕೆಂದೂ ಅನಿಸಲಿಲ್ಲ, ಬೇಡವೆಂದೂ ಅನಿಸಲಿಲ್ಲ. ಕೈಯಲ್ಲಿದ್ದ ಪರದೆ ಪಕ್ಕಕ್ಕಿಟ್ಟು ಬಲಗಡೆಯ ಮೇಜಿಗೆ ಹೋಗಿ ಕೂತಳು. ಕುರ್ಚಿ ಅವನ ಎತ್ತರಕ್ಕಿತ್ತು, ಕಾಲು ನೆಲಕ್ಕೆ ಸರಿಯಾಗಿ ಎಟುಕಲಿಲ್ಲ. ಅತ್ತೆ, ಅವನ ತಾಯಿ, ಒಳಗಿನಿಂದ ಬಂದು ಸ್ಟೂಲಿನ ಮೇಲೆ ಕೂತರು.

ಹುಡುಗಿ ಹೇಳಿದ ತಾಣ ತೆರೆಯಿತು. ನಡುವೆ ಚುಕ್ಕೆಗೆರೆಯ ಒಂದು ಚೌಕ, ಫೋಲ್ಡರನ್ನು ತಂದು ಇಲ್ಲಿ ಬಿಡಿ ಎಂಬ ಸಾಲು. ಅವಳು 'ಮಿಷಿನ್' ಎಂಬ ಫೋಲ್ಡರನ್ನು ಎಳೆದು ತಂದು ಬಿಟ್ಟಳು. ಒಂದು ಪಟ್ಟಿ ತುಂಬಿತು. ಅರ್ಥವಿಲ್ಲದ ಎರಡು ಪದ, ಹಿಂದೊಂದಿಷ್ಟು ಅಂಕಿ ಸೇರಿದ ವಿಳಾಸ ಬಂತು. ಒತ್ತಿದರೆ, ಪುಟ ಸಿಗಲಿಲ್ಲ ಎಂದಿತು.

"ಇಲ್ಲಂತೆ," ಎಂದಳು.

"ಅಕ್ಕ, ಆ ಫೋಲ್ಡರ್ ಒಳಗೆ ಏನೇನಿದೆ?"

"ಇನ್ನೊಂದು ಫೋಲ್ಡರ್. ಸೈಟ್ ಅಂತ. ಅದರ ಪಕ್ಕ ಅವರ ಬಿಲ್ಲುಗಳು."

"ಅದೇ ನೋಡಿ. ಅದು ಮೊದಲು ಹುಡುಕೋದು ಇಂಡೆಕ್ಸ್ ಅನ್ನೋ ಫೈಲನ್ನ. ನಾವು ಬಿಟ್ಟ ಫೋಲ್ಡರಲ್ಲಿ ಅದು ಮೇಲೇ ಇರಬೇಕು, ಇನ್ನೊಂದರ ಹೊಟ್ಟೆಯೊಳಗಿದ್ದರೆ ಸಿಗೋದಿಲ್ಲ. ಸೈಟ್ ಅನ್ನೋದನ್ನೇ ಎಳೀರಿ. ಬಿಲ್ಲು ಊರಿಗೆಲ್ಲ ತೋರಿಸೋದು ಬೇಡ."

ಅದಕ್ಕೂ ಮೊದಲು ಒಂದು ಖಾತೆ ಮಾಡಿಕೊಳ್ಳಲು ಹೇಳಿದಳು. ಖಾತೆಯಿಲ್ಲದೆ ಬಿಟ್ಟದ್ದನ್ನು ಆ ತಾಣ ಸ್ವಲ್ಪ ಹೊತ್ತಷ್ಟೇ ಇಟ್ಟುಕೊಂಡು ಅಳಿಸಿಬಿಡುತ್ತದಂತೆ. ಯಾರ ಮೇಲ್ ಕೊಡುವುದು ಎಂದು ಅವಳು ಒಂದು ಗಳಿಗೆ ತಡೆದಳು. ತನ್ನದನ್ನೇ ಕೊಟ್ಟಳು. ಆಮೇಲೆ ಒಳಗಿನ ಫೋಲ್ಡರನ್ನು ಎಳೆದು ಬಿಟ್ಟಳು.

ಈ ಸಲ ಪುಟ ಬಂತು. ಅಂಗಡಿ ಬೋರ್ಡಿಗೆ ಬರೆಸಿದ ಹಾಗೆ ದಪ್ಪಕ್ಷರದ ತಲೆಬರಹ, ಕೆಳಗೆ ಮಿಷಿನ್ನುಗಳ ಸಾಲು. ಒಂದನ್ನು ಒತ್ತಿದಳು. ಬರಹವೆಲ್ಲ ಇತ್ತು. ಚಿತ್ರವಿರಬೇಕಾದ ಬಹುಪಾಲು ಕಡೆ ಹರಿದ ಕಾಗದದಂತಹ ಸಣ್ಣ ಗುರುತು.

"ಇಲ್ಲಿ ಕಂಪ್ಯೂಟರಲ್ಲಿ ತೆರೆದರೆ ಎಲ್ಲ ಚಿತ್ರ ಇದೆ," ಎಂದಳು.

ಹುಡುಗಿ ತನ್ನ ಕಡೆಯಿಂದಲೂ ನೋಡಿ, ಯೋಚಿಸಿ, ಫೈಲಿನ ಹೆಸರಿನ ಬಾಲ ಕಾಣುವಂತೆ ಎಲ್ಲಿ ಗುರುತು ಹಾಕಬೇಕೆಂದು ಹೇಳಿಕೊಟ್ಟಳು. ಕಂಡಿತು. ಕ್ಯಾಮೆರಾ ಆ ಚಿತ್ರಗಳ ಹೆಸರಿನ ಕೊನೆಗೆ ಜೆಪಿಜಿ ಎಂದು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಹಾಕಿತ್ತು. ಅವನು ಪುಟದೊಳಗೆ ಅದನ್ನೇ ಸಣ್ಣಕ್ಷರದಲ್ಲಿ ಬರೆದಿದ್ದ.

"ನಿಮ್ಮ ಕಂಪ್ಯೂಟರ್ ಎರಡೂ ಒಂದೇ ಅಂತ ಸುಮ್ಮನಿರುತ್ತೆ. ಹಳೇ ಕಂಪನೀದೂ ಹಾಗೇ ಇತ್ತೋ ಏನೋ. ಇಲ್ಲಿ ಹಾಗಲ್ಲ, ಅಕ್ಷರಕ್ಕೆ ಅಕ್ಷರ ಕೂಡಬೇಕು. ಆ ಬಾಲ ಎಲ್ಲ ಸಣ್ಣಕ್ಷರಕ್ಕೆ ಬದಲಾಯಿಸಬೇಕಲ್ಲ ಅಕ್ಕ. ಬೇಜಾರಿನ ಕೆಲಸ."

"ಬೇಜಾರಿಲ್ಲ," ಎಂದಳು. ನಿಜವಾಗಿಯೂ ಇರಲಿಲ್ಲ. ಹೊಲಿಗೆಯಂಥದೇ ಕೆಲಸ. ಫೋನ್ ಇಟ್ಟು ಒಂದೊಂದೇ ಹೆಸರು ಬದಲಾಯಿಸುತ್ತ ಹೋದಳು. ಸರಿಯಾದ ಚಿತ್ರವೇ ಎಂದು ನೋಡಲು ಪ್ರತಿಯೊಂದನ್ನೂ ತೆರೆದಳು. ಚಿತ್ರದಲ್ಲಿ ಮಿಷಿನ್ನಿಗಿಂತ ಅವನ ಕೈಗಳೇ ಹೆಚ್ಚು. ಸ್ಕ್ರೂ ಹಿಡಿದ ಕೈ, ಬೆಲ್ಟು ಎಳೆದು ತೋರಿಸುವ ಕೈ, ಉಗುರಿನ ಸಂದಿಗೆ ಕರಿ ಎಣ್ಣೆ. ಅವನ ಮುಖವಿದ್ದ ಒಂದು ಫೋಟೋವೂ ಆ ಫೋಲ್ಡರಿನಲ್ಲಿರಲಿಲ್ಲ.

ಅತ್ತೆ ಸ್ಟೂಲು ಹತ್ತಿರ ಎಳೆದುಕೊಂಡರು. "ಆ ಹೆಬ್ಬೆಟ್ಟು ನೋಡು. ಚಿಕ್ಕವನಿದ್ದಾಗ ಬಾಗಿಲಿಗೆ ಸಿಕ್ಕಿ ಉಗುರು ಸೊಟ್ಟಗೆ ಬಂದದ್ದು." ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು.

ಅವಳಿಗೂ ಆ ಹೆಬ್ಬೆಟ್ಟು ಗೊತ್ತು. ಅತ್ತೆಯ ಬೆನ್ನ ಮೇಲೆ ಒಂದು ಕೈ ಇಟ್ಟಳು, ಇನ್ನೊಂದು ಕೈಯಿಂದ ಮುಂದಿನ ಹೆಸರು ತಿದ್ದಿದಳು. ತನಗೆ ಏನಾದರೂ ಆಗುತ್ತಿದೆಯೇ ಎಂದು ನೋಡಿಕೊಂಡಳು. ಬಾಬಿನ್ ಕೇಸಿನ ಒಂದು ಚಿತ್ರ ಇನ್ನೂ ಸಿಕ್ಕಿಲ್ಲ ಎಂಬುದಷ್ಟೇ ತಲೆಯಲ್ಲಿತ್ತು.

ತಿದ್ದಿ ಮುಗಿದ ಮೇಲೆ, ಬದಲಾದದ್ದು ಚಿತ್ರಗಳು ಮಾತ್ರ ತಾನೇ ಎಂದು ಚಿತ್ರಗಳ ಫೋಲ್ಡರೊಂದನ್ನೇ ತನ್ನ ಖಾತೆಯ ಚೌಕಕ್ಕೆ ಎಳೆದು ಬಿಟ್ಟಳು. ವಿಳಾಸ ಒತ್ತಿದಳು. ಮೊದಲ ಪುಟವೇ ಇಲ್ಲ. ಬೆಳಿಗ್ಗೆ ಬಂದದ್ದೂ ಹೋಗಿತ್ತು.

"ಹೋಯ್ತಾ?" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

"ಹೋಯ್ತು."

ಹುಡುಗಿಗೆ ಫೋನ್ ಮಾಡಿದಳು. ಹುಡುಗಿ ನಕ್ಕಳು, ನಕ್ಕದ್ದಕ್ಕೆ ತಕ್ಷಣ ನಾಚಿಕೊಂಡಳು. "ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಅದು ಇದ್ದುದಕ್ಕೆ ಸೇರಿಸೋದಿಲ್ಲ ಅಕ್ಕ. ಈಗ ಬಿಟ್ಟದ್ದೇ ಪೂರ್ತಿ ಸೈಟು ಅಂದುಕೊಳ್ಳುತ್ತೆ. ಒಂದು ಅಕ್ಷರ ಬದಲಾದರೂ ಇಡೀ ಫೋಲ್ಡರ್ ಬಿಡಬೇಕು. ನಿಮ್ಮ ಹತ್ರ ಫೈಲುಗಳೆಲ್ಲ ಇವೆಯಲ್ಲ, ಏನೂ ಹೋಗಿಲ್ಲ."

ಇಡೀ ಫೋಲ್ಡರನ್ನೇ ಮತ್ತೆ ಬಿಟ್ಟಳು. ಪುಟ ಬಂತು, ಚಿತ್ರಗಳೂ ಬಂದವು. ಆ ಕಡೆ ಹುಡುಗಿ ಒಂದೊಂದೇ ಪುಟ ತೆರೆಯುತ್ತ, "ಬಂತು... ಇದೂ ಬಂತು..." ಎನ್ನುತ್ತಿದ್ದಳು. ಅವಳ ಹಿಂದೆ ತರಗತಿಯ ಮಿಷಿನ್ನುಗಳ ಸದ್ದು ಕೇಳುತ್ತಿತ್ತು.

"ಅಕ್ಕ, ಕೊನೇಲಿ ಮೇಷ್ಟ್ರ ನಂಬರ್ ಇದೆ. ತೆಗೀತೀರಾ?"

ಅವಳು ಯೋಚಿಸಿದಳು. "ಇರಲಿ. ಎತ್ತೋಕೆ ನಾನಿದ್ದೀನಲ್ಲ. ಆದರೆ ಒಂದು ಸಾಲು ಹಾಕಬೇಕು."

ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದಳು. ಕೋನದ ಗುರುತುಗಳ ನಡುವೆ ಅವನ ಮಾತು ಕಂಡಿತು: ಏನೇ ಸಂದೇಹವಿದ್ದರೂ ಫೋನ್ ಮಾಡಿ. ಆ ಗುರುತುಗಳನ್ನು ಮುಟ್ಟದೆ, ಮಾತಿನ ಪಕ್ಕದಲ್ಲಿ ನಿಧಾನವಾಗಿ ಟೈಪು ಮಾಡಿದಳು: 'ಇದನ್ನು ಬರೆದವರು ತೀರಿಕೊಂಡಿದ್ದಾರೆ. ಫೋನ್ ಎತ್ತುವುದು ಅವರ ಹೆಂಡತಿ. ಆಕೆಗೆ ರಿಪೇರಿ ಬರುವುದಿಲ್ಲ.' ಬಾಯಿಗೆ ಬಾರದ್ದು ಬೆರಳಿಗೆ ಬಂತು. ಓದಿ ನೋಡಿದರೆ ಯಾರದೋ ಅಂಗಡಿಯ ಪ್ರಕಟಣೆಯಂತಿತ್ತು. ಉಳಿಸಿದಳು, ಮುಚ್ಚಿದಳು, ಇಡೀ ಫೋಲ್ಡರನ್ನು ಎಳೆದು ಬಿಟ್ಟಳು.

ವಿಳಾಸದ ಮುಂಭಾಗವನ್ನು ಬೇಕಾದಂತೆ ಬದಲಾಯಿಸಬಹುದು ಎಂದು ಹುಡುಗಿ ಹೇಳಿದಳು, ಆ ಹೆಸರು ಬೇರೆ ಯಾರೂ ಇಟ್ಟುಕೊಂಡಿರದಿದ್ದರೆ. ಅವಳು ಮಿಷಿನ್ ಮೇಷ್ಟ್ರು ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಳು. ಯಾರೂ ಇಟ್ಟುಕೊಂಡಿರಲಿಲ್ಲ.

"ಅವನ ಹೆಸರಲ್ಲಿ ಸಿಕ್ತಾ?" ಅತ್ತೆ ಕೇಳಿದರು.

"ಸಿಕ್ತು."

"ದುಡ್ಡು?"

"ಏನೂ ಇಲ್ಲ."

ಅತ್ತೆಗೆ ನಂಬಿಕೆ ಬರಲಿಲ್ಲ. ಬಿಟ್ಟಿ ಕೊಡುವವರು ಯಾವ ಕಾಲದಲ್ಲಿದ್ದಾರೆ ಎಂದು ಗೊಣಗುತ್ತ ಅಡುಗೆಮನೆಗೆ ಹೋದರು.

ಹುಡುಗಿ ಹೊಸ ವಿಳಾಸವನ್ನು ತನಗೆ ಗೊತ್ತಿದ್ದ ಮೆಕ್ಯಾನಿಕ್ಕುಗಳಿಗೆ ಕಳಿಸಿದಳು. ಅವರು ಇನ್ನೊಬ್ಬರಿಗೆ. ಕೆಲವರು ಫೋನ್ ಮಾಡಿ, ಸಾಲು ಓದಿದೆವು ಎಂದಷ್ಟೇ ಹೇಳಿ ಇಟ್ಟರು. ಇಟ್ಟ ಮೇಲೆ ಅವಳು ಹೊಲಿಗೆಗೆ ಮರಳುತ್ತಿದ್ದಳು. ಜೋಮು ಇಳಿದಿರಲಿಲ್ಲ. ಆದರೆ ಕುರ್ಚಿಯನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಿದ್ದಳು.

ಮುಂದಿನ ತಿಂಗಳು ಒಬ್ಬ ಮುದುಕರ ಫೋನು ಬಂತು. ಗಡಸು ದನಿ.

"ಮೇಷ್ಟ್ರಿಗೆ ಏನಾಗಿತ್ತಮ್ಮ?"

ಇದುವರೆಗೆ ಯಾರೂ ಅಷ್ಟು ನೇರವಾಗಿ ಕೇಳಿರಲಿಲ್ಲ. ಅವಳು ಹೇಳಿದಳು. ಆ ಮಧ್ಯಾಹ್ನ ಮನೆಯಿಂದ ಹೊರಟದ್ದು, ಆ ಮನೆಯವರು ನೀರು ತಂದದ್ದು, ಮಿಷಿನ್ನಿನ ಮೇಲಿಂದ ಅವನ ತಲೆಯನ್ನು ಅವರು ಎತ್ತಿದಾಗ ಕೆನ್ನೆಗೆ ಎಣ್ಣೆ ಹತ್ತಿದ್ದದ್ದು, ತಾನು ಅದನ್ನು ಸೆರಗಿನಿಂದ ಒರೆಸಿದರೂ ಪೂರ್ತಿ ಹೋಗದೆ ಇದ್ದದ್ದು. ದನಿ ಎಲ್ಲೂ ನಡುಗಲಿಲ್ಲ. ಬೇರೆಯವರ ಕತೆ ಓದಿದ ಹಾಗೆ ಓದಿ ಮುಗಿಸಿದಳು.

"ನನ್ನ ಮಿಷಿನ್ನಲ್ಲಿ ಕೆಳಗಿನ ದಾರ ಗಂಟಾಗ್ತಿದೆ. ಕೇಳಬಾರದು ಈಗ," ಎಂದರು ಮುದುಕರು.

"ಕೇಳಿ. ಯಾವ ಮಿಷಿನ್ನು?"

ಹೇಳಿದರು. ಅವಳು ಆ ಪುಟ ತೆರೆದು, ಕೆಳಕ್ಕೆ ಸರಿಸಿದಳು.

"ನೀವೂ ಆ ಪುಟ ತೆಗೆದು ಎರಡನೇ ಚಿತ್ರ ನೋಡಿ. ಸಣ್ಣ ಸ್ಕ್ರೂ ಕಾಣುತ್ತಾ? ಪಕ್ಕದಲ್ಲಿ ಬೆರಳು ತೋರಿಸ್ತಿದೆ."

"ಕಾಣ್ತಿದೆ."

"ಅದನ್ನ ಸ್ವಲ್ಪ ಬಿಗಿ ಮಾಡಬೇಕು ಅಂತ ಬರೆದಿದೆ. ಸ್ವಲ್ಪ ಅಂದರೆ ಸ್ವಲ್ಪವೇ."